ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ತಪ್ಪಿದ್ದರೆ ಮಾರಿದವರಿಗೆ ಬರೆಯಬೇಕಾದ ಮೇಲ್

ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ ಬೆಲ್ಲದ ಪುಡಿ ಮಾಡಿ ಪೊಟ್ಟಣ ಕಟ್ಟುವ ಒಂದು ಸಣ್ಣ ಘಟಕವಿದೆ ಎಂದಿಟ್ಟುಕೊಳ್ಳಿ. ಹೋದ ವರ್ಷದವರೆಗೆ ಅದು ಅಣ್ಣನೊಬ್ಬನ ಹೆಸರಿನ ಸ್ವಂತ ವ್ಯವಹಾರ. 2025ರ ಡಿಸೆಂಬರಿನಲ್ಲಿ ತಮ್ಮನೂ ಸೇರಿ ಪಾಲುದಾರಿಕೆ ಸಂಸ್ಥೆಯಾಯಿತು. ಸಂಸ್ಥೆಗೆ ಹೊಸ ಪ್ಯಾನ್ ಬಂತು, ಅದರ ಹಿಂದೆಯೇ ಹೊಸ ಜಿಎಸ್‌ಟಿ ನಂಬರೂ ಬಂತು. ಹಳೆಯ ದಾಸ್ತಾನಿನ ಲೆಕ್ಕ ಮುಗಿದಿಲ್ಲವೆಂದು ಅಣ್ಣನ ಹಳೆಯ ನಂಬರ್ ಇನ್ನೂ ಚಾಲ್ತಿಯಲ್ಲಿದೆ.

2026ರ ಜನವರಿ 8ರಂದು ಪೀಣ್ಯದ ಯಂತ್ರ ತಯಾರಕರಿಂದ ಪೌಚ್ ಪ್ಯಾಕಿಂಗ್ ಯಂತ್ರ ಹೊರಟಿತು. ಬೆಲೆ 4,00,000 ರೂಪಾಯಿ. ಅದರ ಮೇಲೆ ಶೇ 18ರ ತೆರಿಗೆ, ಅಂದರೆ ಕೇಂದ್ರದ ಜಿಎಸ್‌ಟಿ 36,000 ಮತ್ತು ರಾಜ್ಯದ ಜಿಎಸ್‌ಟಿ 36,000. ಒಟ್ಟು ಬಿಲ್ 4,72,000. ಮರುದಿನ ಯಂತ್ರ ಇಳಿಸಿಕೊಂಡವರು ಬಿಲ್ ನೋಡಿದರು. ಹೊಸ ಸಂಸ್ಥೆಯ ಹೆಸರಿದೆ, ವಿಳಾಸ ಸರಿಯಿದೆ, ಮೊತ್ತ ಕೊಟೇಶನ್ನಿನಲ್ಲಿ ಇದ್ದಷ್ಟೇ ಇದೆ. ಸಹಿ ಹಾಕಿ ಕಳಿಸಿದರು. ಜನವರಿ 12ರ ಸೋಮವಾರ ಲೆಕ್ಕ ಬರೆಯುವವರು ಬಿಲ್ಲನ್ನು ಟ್ಯಾಲಿಗೆ ಏರಿಸುವಾಗ ಕಂಡದ್ದು ಒಂದೇ ವ್ಯತ್ಯಾಸ: ಹೆಸರಿನ ಕೆಳಗಿದ್ದ ಜಿಎಸ್‌ಟಿ ನಂಬರ್ ಅಣ್ಣನದು, ಸಂಸ್ಥೆಯದಲ್ಲ.

ಇಂಥ ತಪ್ಪು ಹುಟ್ಟುವುದು ಸಾಮಾನ್ಯವಾಗಿ ಮಾರುವವರ ಲೆಡ್ಜರಿನಲ್ಲಿ. "ನಮ್ಮ ಹೆಸರು ಬದಲಾಗಿದೆ" ಎಂದು ಗಿರಾಕಿ ಫೋನಿನಲ್ಲಿ ಹೇಳುತ್ತಾರೆ. ಅಲ್ಲಿನವರು ಇದ್ದ ಪಾರ್ಟಿಯ ಹೆಸರನ್ನೇ ತಿದ್ದಿಬಿಡುತ್ತಾರೆ, ಅದರ ಒಳಗಿನ ನಂಬರ್ ಹಾಗೇ ಉಳಿಯುತ್ತದೆ. ಹೆಸರು ಸರಿಯಾಗಿ ಕಾಣುವುದರಿಂದ ಎರಡೂ ಕಡೆ ಯಾರಿಗೂ ಅನುಮಾನ ಬರುವುದಿಲ್ಲ.

ಇಲಾಖೆಗೆ ಬೇಕಾದದ್ದು ನಂಬರ್

ಮಾರಿದವರು ಪ್ರತಿ ತಿಂಗಳು ತಮ್ಮ ಮಾರಾಟದ ಬಿಲ್ಲುಗಳನ್ನು ಜಿಎಸ್‌ಟಿಆರ್-1 ಎಂಬ ಲೆಕ್ಕದಲ್ಲಿ ಏರಿಸುತ್ತಾರೆ. ಪೋರ್ಟಲ್ ಆ ಬಿಲ್ಲುಗಳನ್ನು ಕೊಂಡವರ ನಂಬರ್ ನೋಡಿ ವಿಂಗಡಿಸಿ, ಅವರವರ ಜಿಎಸ್‌ಟಿಆರ್-2ಬಿ ಪಟ್ಟಿಗೆ ಸೇರಿಸುತ್ತದೆ. ಆ ವಿಂಗಡಣೆಯಲ್ಲಿ ಬಿಲ್ಲಿನ ಮೇಲೆ ಅಚ್ಚಾದ ಹೆಸರಿಗೆ ಯಾವ ಪಾತ್ರವೂ ಇಲ್ಲ. ಜಿಎಸ್‌ಟಿ ಕಾಯ್ದೆಯ 16ನೇ ಕಲಮಿನ ಪ್ರಕಾರ ಇನ್‌ಪುಟ್ ಪಡೆಯಲು, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು, ಬಿಲ್ ಕೈಯಲ್ಲಿದ್ದರೆ ಸಾಲದು, ಮಾರಿದವರು ಅದನ್ನು ತಮ್ಮ ಲೆಕ್ಕದಲ್ಲಿ ತೋರಿಸಿ ಅದು ನಿಮ್ಮ ಪಟ್ಟಿಗೆ ಬಂದಿರಲೂ ಬೇಕು. 2022ರ ಜನವರಿಯಿಂದ ಈ ಎರಡನೆಯ ಷರತ್ತು ಕಾಯ್ದೆಯಲ್ಲೇ ಸೇರಿದೆ. ನಮ್ಮ ಉದಾಹರಣೆಯಲ್ಲಿ 72,000 ರೂಪಾಯಿ ಅಣ್ಣನ ಪಟ್ಟಿಗೆ ಹೋಗುತ್ತದೆ. ಯಂತ್ರ ಇರುವುದು, ಹಣ ಕೊಟ್ಟದ್ದು, ಮುಂದೆ ಬೆಲ್ಲದ ಪುಡಿ ಮಾರಿ ತೆರಿಗೆ ಕಟ್ಟಬೇಕಾದದ್ದು ಮಾತ್ರ ಸಂಸ್ಥೆ.

ನಂಬರ್ ಓದುವುದನ್ನು ಕಲಿತರೆ ಈ ತಪ್ಪು ಅರೆಕ್ಷಣದಲ್ಲಿ ಕಾಣುತ್ತದೆ. ಜಿಎಸ್‌ಟಿ ನಂಬರಿನಲ್ಲಿ ಒಟ್ಟು 15 ಅಕ್ಷರಗಳು. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಹದಿಮೂರನೆಯದು ಅದೇ ರಾಜ್ಯದಲ್ಲಿ ಅದೇ ಪ್ಯಾನಿನ ಮೇಲೆ ಪಡೆದ ಎಷ್ಟನೇ ನೋಂದಣಿ ಎಂಬುದು. ಹದಿನಾಲ್ಕನೆಯದು ಸಾಮಾನ್ಯವಾಗಿ Z. ಕೊನೆಯದು ತಾಳೆಯ ಅಕ್ಷರ, ಅದು ಮೊದಲಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಬರುವಂಥದ್ದು.

```
ಅಣ್ಣನ ಹಳೆಯದು : 29XXXPX0000X1ZX
ಸಂಸ್ಥೆಯ ಹೊಸದು : 29XXXFX0000X1ZX
```

ಎಡದಿಂದ ಆರನೆಯ ಅಕ್ಷರ ನೋಡಿ. ಅದು ಪ್ಯಾನಿನ ನಾಲ್ಕನೆಯ ಅಕ್ಷರ. ವ್ಯಕ್ತಿಯ ಪ್ಯಾನ್ ಆದರೆ P, ಪಾಲುದಾರಿಕೆ ಸಂಸ್ಥೆಯದಾದರೆ F, ಕಂಪನಿಯದಾದರೆ C, ಅವಿಭಕ್ತ ಹಿಂದೂ ಕುಟುಂಬದ್ದಾದರೆ H. ಸಂಸ್ಥೆಯ ಹೆಸರಿನ ಬಿಲ್ಲಿನಲ್ಲಿ P ಕಂಡರೆ ಅಲ್ಲೇ ಎಡವಟ್ಟಾಗಿದೆ ಎಂದು ತಿಳಿಯಿರಿ. ಯಂತ್ರ ಇಳಿಸಿಕೊಳ್ಳುವವರಿಗೆ ಈ ಒಂದು ಅಕ್ಷರ ನೋಡಲು ಹೇಳಿಕೊಟ್ಟಿದ್ದರೆ ಮೂರು ದಿನ ಉಳಿಯುತ್ತಿತ್ತು. ಆ ಮೂರು ದಿನದ ಬೆಲೆ ಏನೆಂಬುದು ಮುಂದೆ ಗೊತ್ತಾಗುತ್ತದೆ.

ಕೊನೆಯ ತಾಳೆ ಅಕ್ಷರದ ದೆಸೆಯಿಂದ, ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿದರೆ ಪೋರ್ಟಲ್ ಆ ನಂಬರನ್ನೇ ಒಪ್ಪುವುದಿಲ್ಲ. ಹಾಗಾಗಿ ಪೋರ್ಟಲ್ ದಾಟಿ ಹೋಗುವ ತಪ್ಪು ನಂಬರ್ ಎಂದರೆ ಹೆಚ್ಚಾಗಿ ಬೇರೆ ಯಾರದೋ ಸರಿಯಾದ ನಂಬರ್. ಅದು ನಿಮ್ಮದೇ ಹಳೆಯ ನಂಬರ್ ಇರಬಹುದು, ಬೇರೆ ರಾಜ್ಯದ ಶಾಖೆಯದಿರಬಹುದು, ಪಟ್ಟಿಯಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬ ಗಿರಾಕಿಯದಿರಬಹುದು. ಬೇರೆ ರಾಜ್ಯದ ಶಾಖೆಯದಾದರೆ ಇನ್ನೂ ಒಂದು ತೊಡಕು ಸೇರಿಕೊಳ್ಳುತ್ತದೆ: ಅಲ್ಲಿಗೆ ಮಾರಿದಂತೆ ಲೆಕ್ಕವಾಗಿ ಎರಡು ಪಾಲಿನ ತೆರಿಗೆಯ ಜಾಗದಲ್ಲಿ ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿ ಬಿದ್ದಿರುತ್ತದೆ. ಆಗ ನಂಬರಿನ ಜೊತೆಗೆ ತೆರಿಗೆಯ ಬಗೆಯನ್ನೂ ಪೂರೈಕೆಯ ಸ್ಥಳವನ್ನೂ ಸರಿಪಡಿಸಿ ಎಂದು ಬರೆಯಬೇಕು.

ಬರೀ ಹೆಸರಿನ ಕಾಗುಣಿತ ತಪ್ಪಿದೆ, ಅಥವಾ ವಿಳಾಸದಲ್ಲಿ ಪ್ಲಾಟ್ ನಂಬರ್ ಬಿಟ್ಟುಹೋಗಿದೆ ಎಂದಾದರೆ ಗಾಬರಿ ಬೇಡ. ಜಿಎಸ್‌ಟಿ ನಿಯಮ 36(2)ರಲ್ಲಿ ಇದಕ್ಕೆ ಅವಕಾಶವಿದೆ: ತೆರಿಗೆಯ ಮೊತ್ತ, ಸರಕಿನ ವಿವರ, ಒಟ್ಟು ಬೆಲೆ, ಇಬ್ಬರ ಜಿಎಸ್‌ಟಿ ನಂಬರ್, ಅಂತರರಾಜ್ಯ ವ್ಯವಹಾರವಾದರೆ ಪೂರೈಕೆಯ ಸ್ಥಳ, ಇಷ್ಟು ಬಿಲ್ಲಿನಲ್ಲಿದ್ದರೆ ಉಳಿದ ಕೊರತೆಯ ಕಾರಣಕ್ಕೆ ಇನ್‌ಪುಟ್ ತಪ್ಪುವುದಿಲ್ಲ. ಮುಂದಿನ ಬಿಲ್ಲಿನಿಂದ ಸರಿಯಾಗಿ ಬರಲಿ ಎಂದು ಎರಡು ಸಾಲಿನ ಮೇಲ್ ಸಾಕು. ಈ ಕಾರಣಕ್ಕೆ ಬಿಲ್ ರದ್ದು ಮಾಡಿಸಿ ಹೊಸದು ಮಾಡಿಸುವುದು ಇಬ್ಬರಿಗೂ ಬೇಡದ ಕೆಲಸ.

ಮೇಲ್ ಬರೆಯುವ ಮೊದಲು ನೋಡಬೇಕಾದದ್ದು

ಬಿಲ್ಲಿನ ಮೇಲೆ ಚೌಕದ ಕ್ಯೂಆರ್ ಗುರುತು ಮತ್ತು 64 ಅಕ್ಷರಗಳ ಉದ್ದನೆಯ ಐಆರ್‌ಎನ್ ಇದೆಯೇ ನೋಡಿ. ಇದ್ದರೆ ಅದು ಇ-ಇನ್‌ವಾಯ್ಸ್. 2023ರ ಆಗಸ್ಟ್ 1ರಿಂದ, ವಾರ್ಷಿಕ ವಹಿವಾಟು 5 ಕೋಟಿ ದಾಟಿದವರು ಬೇರೆ ವ್ಯಾಪಾರಸ್ಥರಿಗೆ ಕೊಡುವ ಬಿಲ್ಲುಗಳನ್ನು ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿಸಿ ಈ ಗುರುತು ಪಡೆಯಲೇಬೇಕು. ಪೀಣ್ಯದ ತಯಾರಕರು ಆ ಗುಂಪಿನವರು.

ಇ-ಇನ್‌ವಾಯ್ಸನ್ನು ತಿದ್ದಲು ಬರುವುದಿಲ್ಲ. ರದ್ದು ಮಾಡಬಹುದು, ಅದೂ ಐಆರ್‌ಎನ್ ಹುಟ್ಟಿದ 24 ಗಂಟೆಯೊಳಗೆ ಮಾತ್ರ. ರದ್ದಾದ ಬಿಲ್ಲಿನ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ. ಜೊತೆಗೆ ಸರಕು ಸಾಗಣೆಯ ಇ-ವೇ ಬಿಲ್ ಚಾಲ್ತಿಯಲ್ಲಿದ್ದರೆ ಮೊದಲು ಅದನ್ನು ರದ್ದು ಮಾಡಬೇಕು. ಯಂತ್ರ ಇಳಿದ ದಿನವೇ, ಅಂದರೆ 9ರಂದು ತಪ್ಪು ಕಂಡಿದ್ದರೆ ಒಂದು ಫೋನಿನಲ್ಲಿ ಮುಗಿಯುವ ಸಾಧ್ಯತೆ ಇತ್ತು. 12ರ ಹೊತ್ತಿಗೆ ಆ ಬಾಗಿಲು ಮುಚ್ಚಿದೆ.

ಆಮೇಲೆ ಉಳಿಯುವ ದಾರಿ ಎರಡು. ಒಂದು, ತಪ್ಪು ನಂಬರಿನ ಬಿಲ್ಲಿಗೆ ಪೂರ್ತಿ ಮೊತ್ತದ ಕ್ರೆಡಿಟ್ ನೋಟ್, ಅಂದರೆ ಆ ಮೊತ್ತವನ್ನು ಲೆಕ್ಕದಿಂದ ಕಳೆಯುವ ದಾಖಲೆ ಹೊರಡಿಸಿ, ಸರಿಯಾದ ನಂಬರಿಗೆ ಹೊಸ ಸಂಖ್ಯೆಯ, ಹೊಸ ಐಆರ್‌ಎನ್ ಇರುವ ಬಿಲ್ ಮಾಡುವುದು. ಇನ್ನೊಂದು, ಜಿಎಸ್‌ಟಿಆರ್-1ರಲ್ಲೇ ಕೊಂಡವರ ನಂಬರ್ ಸರಿಪಡಿಸುವುದು. ಆ ತಿಂಗಳ ಲೆಕ್ಕ ಸಲ್ಲಿಸುವ ಮೊದಲಾದರೆ ದಾಖಲೆಯನ್ನೇ ತಿದ್ದಬಹುದು, ಸಲ್ಲಿಸಿದ ಮೇಲಾದರೆ ಮುಂದಿನ ತಿಂಗಳ ಜಿಎಸ್‌ಟಿಆರ್-1ರ 9ಎ ಕೋಷ್ಟಕದಲ್ಲಿ ತಿದ್ದುಪಡಿ ತೋರಿಸಬೇಕು.

ಕ್ರೆಡಿಟ್ ನೋಟ್ ಯಾವ ಸಂದರ್ಭಕ್ಕೆ ಎಂದು 34ನೇ ಕಲಮು ಪಟ್ಟಿ ಮಾಡುತ್ತದೆ: ಬೆಲೆ ಅಥವಾ ತೆರಿಗೆ ಹೆಚ್ಚು ಹಾಕಿದ್ದು, ಸರಕು ವಾಪಸಾದದ್ದು, ಸರಕಿನಲ್ಲಿ ಕೊರತೆ ಕಂಡದ್ದು. ನಂಬರ್ ತಪ್ಪಿದ್ದು ಆ ಪಟ್ಟಿಯಲ್ಲಿ ನೇರವಾಗಿ ಇಲ್ಲ. ಆದ್ದರಿಂದ ಕೆಲವು ಆಡಿಟರುಗಳು 9ಎ ದಾರಿಯನ್ನೇ ಹಿಡಿಯುತ್ತಾರೆ. ಆದರೆ ಇ-ಇನ್‌ವಾಯ್ಸ್ ಕಡ್ಡಾಯವಿರುವವರ ಬಿಲ್ ಐಆರ್‌ಎನ್ ಇಲ್ಲದೆ ಬಿಲ್ ಎನಿಸುವುದೇ ಇಲ್ಲ, ನಿಯಮ 48(5) ಹಾಗೆ ಹೇಳುತ್ತದೆ. 9ಎ ದಾರಿಯಲ್ಲಿ ಪೋರ್ಟಲ್ ಸರಿಯಾದರೂ ಕೈಯಲ್ಲಿರುವ ಬಿಲ್ ಮತ್ತು ಅದರ ಕ್ಯೂಆರ್ ಹಳೆಯ ನಂಬರನ್ನೇ ಹೇಳುತ್ತಿರುತ್ತವೆ. ಈ ಕಾರಣಕ್ಕೆ ಇಂಥ ಕಡೆ ಕ್ರೆಡಿಟ್ ನೋಟ್ ಮತ್ತು ಹೊಸ ಬಿಲ್ ಹೆಚ್ಚು ಸ್ವಚ್ಛವಾದ ದಾರಿ ಎಂಬುದು ನಮ್ಮ ಅಭಿಪ್ರಾಯ. ತೀರ್ಮಾನ ಮಾತ್ರ ಮಾರಿದವರ ಆಡಿಟರದು. ಮೇಲ್‌ನಲ್ಲಿ ನಮಗೆ ಕೊನೆಗೆ ಏನು ಸಿಗಬೇಕು ಎಂಬುದನ್ನು ಖಚಿತವಾಗಿ ಹೇಳಿ, ದಾರಿಯನ್ನು ಅವರಿಗೆ ಬಿಡಬೇಕು.

ಒಂದು ಪದದ ಬಗ್ಗೆ ಎಚ್ಚರ. "ರಿವೈಸ್ಡ್ ಇನ್‌ವಾಯ್ಸ್ ಕಳಿಸಿ" ಎಂದು ಬರೆಯುವ ರೂಢಿ ಇದೆ. ಕಾಯ್ದೆಯಲ್ಲಿ ಆ ಹೆಸರಿನ ದಾಖಲೆ ಬೇರೆಯೇ ಇದೆ. ಹೊಸದಾಗಿ ನೋಂದಣಿಯಾದವರು, ನೋಂದಣಿ ಜಾರಿಯಾದ ದಿನದಿಂದ ಪ್ರಮಾಣಪತ್ರ ಕೈಗೆ ಬರುವವರೆಗಿನ ತಮ್ಮ ಮಾರಾಟಕ್ಕೆ ಕೊಡುವ ಬಿಲ್ ಅದು. ಆ ಪದ ನೋಡಿ "ಇದು ನಮಗೆ ಅನ್ವಯಿಸುವುದಿಲ್ಲ" ಎಂದು ಉತ್ತರ ಬಂದರೆ ಒಂದು ವಾರ ಹೋಯಿತು. ಏನು ತಪ್ಪಿದೆ, ಏನಾಗಬೇಕು ಎಂದು ಬಿಡಿಸಿ ಬರೆದರೆ ಆ ಗೊಂದಲವೇ ಇರುವುದಿಲ್ಲ.

ಮೇಲ್

ಕಳಿಸಬೇಕಾದದ್ದು ಅಕೌಂಟ್ಸ್ ವಿಭಾಗಕ್ಕೆ, ಯಂತ್ರ ಮಾರಿದ ಸೇಲ್ಸ್‌ನವರಿಗೆ ಒಂದು ಪ್ರತಿ. ಬರೀ ಸೇಲ್ಸ್‌ನವರಿಗೆ ಬರೆದರೆ ಅದು ಅವರ ಫೋನಿನಲ್ಲೇ ಉಳಿಯುತ್ತದೆ. ಸಂಕ್ರಾಂತಿ ರಜೆ ಹತ್ತಿರವಿರುವುದರಿಂದ ಬರೆದ ಮೇಲೆ ಒಂದು ಫೋನ್ ಕೂಡ ಮಾಡಿ.

> ವಿಷಯ: ಬಿಲ್ PM/25-26/0417, ದಿನಾಂಕ 08-01-2026: ಕೊಂಡವರ ಜಿಎಸ್‌ಟಿ ನಂಬರ್ ತಪ್ಪಾಗಿದೆ, ಸರಿಪಡಿಸಿದ ಬಿಲ್ ಬೇಕು
>
> ಮಾನ್ಯರೇ,
>
> ನಿಮ್ಮಿಂದ ಬಂದ ಪೌಚ್ ಪ್ಯಾಕಿಂಗ್ ಯಂತ್ರ ಜನವರಿ 9ರಂದು ನಮ್ಮ ತೂಬಿನಕೆರೆ ಘಟಕಕ್ಕೆ ತಲುಪಿದೆ. ಯಂತ್ರ, ಬೆಲೆ ಮತ್ತು ತೆರಿಗೆಯ ದರ ಎಲ್ಲವೂ ಸರಿಯಿದೆ. ಬಿಲ್ಲಿನಲ್ಲಿ ಕೊಂಡವರ ಜಿಎಸ್‌ಟಿ ನಂಬರ್ ಮಾತ್ರ ತಪ್ಪಾಗಿದೆ.
>
> ಬಿಲ್ಲಿನಲ್ಲಿ ಇರುವುದು: 29XXXPX0000X1ZX
> ಇರಬೇಕಾದದ್ದು: 29XXXFX0000X1ZX
>
> ಮೊದಲನೆಯದು ನಮ್ಮ ಹಿಂದಿನ ಸ್ವಂತ ವ್ಯವಹಾರದ ನಂಬರ್. 2025ರ ಡಿಸೆಂಬರಿನಿಂದ ನಾವು ಪಾಲುದಾರಿಕೆ ಸಂಸ್ಥೆಯಾಗಿ ವ್ಯವಹರಿಸುತ್ತಿದ್ದೇವೆ. ಖರೀದಿ ಆದೇಶ ಕೊಟ್ಟದ್ದು ಮತ್ತು 2,00,000 ರೂ. ಮುಂಗಡ ಕಳಿಸಿದ್ದು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಬ್ಯಾಂಕ್ ಖಾತೆಯಿಂದ.
>
> ಐಆರ್‌ಎನ್ ರದ್ದು ಮಾಡುವ 24 ಗಂಟೆಯ ಅವಧಿ ಮುಗಿದಿರುವುದರಿಂದ, ಈ ಬಿಲ್ಲಿಗೆ ಪೂರ್ತಿ ಮೊತ್ತದ (4,00,000 + ತೆರಿಗೆ 72,000) ಕ್ರೆಡಿಟ್ ನೋಟ್ ಹೊರಡಿಸಿ, ನಮ್ಮ ಸರಿಯಾದ ನಂಬರಿಗೆ ಐಆರ್‌ಎನ್ ಇರುವ ಹೊಸ ಬಿಲ್ ಕೊಡಬೇಕೆಂದು ಕೋರುತ್ತೇವೆ. ಹೊಸ ಬಿಲ್ಲಿನಲ್ಲಿ ಮೂಲ ಬಿಲ್ಲಿನ ಸಂಖ್ಯೆ, ದಿನಾಂಕ ಮತ್ತು ಬದಲಾಯಿಸಿದ ಕಾರಣವನ್ನು ನಮೂದಿಸಿ. ಸರಕು ಈಗಾಗಲೇ ತಲುಪಿರುವುದರಿಂದ ಹೊಸ ಇ-ವೇ ಬಿಲ್ ಬೇಕಿಲ್ಲ. ನಿಮ್ಮ ಆಡಿಟರು ಬೇರೆ ದಾರಿ ಸೂಚಿಸಿದರೆ ದಯವಿಟ್ಟು ತಿಳಿಸಿ. 72,000 ರೂ. ತೆರಿಗೆ ನಮ್ಮ ಹೊಸ ನಂಬರಿನ ಜಿಎಸ್‌ಟಿಆರ್-2ಬಿಯಲ್ಲಿ ಬರುವುದು ನಮಗೆ ಮುಖ್ಯ.
>
> ಹಳೆಯ ನಂಬರಿನಲ್ಲಿ ಈ ಬಿಲ್ಲಿನ ಇನ್‌ಪುಟ್ ಪಡೆದಿಲ್ಲ, ಪಡೆಯುವುದೂ ಇಲ್ಲ. ಅಲ್ಲಿಗೆ ಬರುವ ಕ್ರೆಡಿಟ್ ನೋಟನ್ನು ಒಪ್ಪಿಕೊಳ್ಳುತ್ತೇವೆ. ಇದರ ಸಹಿ ಮಾಡಿದ ಪತ್ರವನ್ನು ಲಗತ್ತಿಸಿದ್ದೇವೆ.
>
> ಜನವರಿ ತಿಂಗಳ ಜಿಎಸ್‌ಟಿಆರ್-1ರ ಕೊನೆಯ ದಿನ ಫೆಬ್ರವರಿ 11. ಜನವರಿ 24ರೊಳಗೆ ಎರಡೂ ದಾಖಲೆ ಸಿಕ್ಕರೆ ತಾಳೆ ನೋಡಲು ಇಬ್ಬರಿಗೂ ಸಮಯವಿರುತ್ತದೆ. ಬಾಕಿಯಲ್ಲಿ 2,00,000 ರೂ.ಗಳನ್ನು ಒಪ್ಪಿದ ದಿನಾಂಕಕ್ಕೇ ಕಳಿಸುತ್ತೇವೆ. ತೆರಿಗೆಯ 72,000 ರೂ.ಗಳನ್ನು ಸರಿಯಾದ ಬಿಲ್ ಬಂದ ಕೂಡಲೇ ಕಳಿಸುತ್ತೇವೆ.
>
> ನಿಮ್ಮ ಲೆಡ್ಜರಿನಲ್ಲಿ ನಮ್ಮ ಸಂಸ್ಥೆಗೆ ಹೊಸ ಪಾರ್ಟಿ ತೆರೆದು, ಹಳೆಯದನ್ನು ಮುಂದೆ ಬಳಸದಂತೆ ನಿಲ್ಲಿಸಬೇಕೆಂದು ವಿನಂತಿ.
>
> ಲಗತ್ತು: ಮೂಲ ಬಿಲ್, ಹೊಸ ನೋಂದಣಿ ಪ್ರಮಾಣಪತ್ರ (GST REG-06), ಖರೀದಿ ಆದೇಶ, ಮುಂಗಡ ಪಾವತಿಯ ವಿವರ, ಇನ್‌ಪುಟ್ ಪಡೆದಿಲ್ಲವೆಂಬ ಪತ್ರ.
>
> ಇಂತಿ,
> (ಹೆಸರು, ಹುದ್ದೆ, ಸಂಸ್ಥೆ, ಫೋನ್)

ಇದರಲ್ಲಿ ಕೆಲವು ಸಾಲುಗಳು ಯಾಕಿವೆ ಎಂದು ಹೇಳಬೇಕು. ಸರಿಯಾದ ನಂಬರನ್ನು ಮೇಲ್‌ನಲ್ಲಿ ಟೈಪ್ ಮಾಡಿಯೇ ಕೊಡಬೇಕು, ಪ್ರಮಾಣಪತ್ರದ ಫೋಟೊ ಮಾತ್ರ ಕಳಿಸಿದರೆ ಅವರು ನೋಡಿಕೊಂಡು ಟೈಪ್ ಮಾಡುತ್ತಾರೆ. ಸೊನ್ನೆ ಮತ್ತು O, 1 ಮತ್ತು I ಅದಲುಬದಲಾಗುವುದು ಅಲ್ಲೇ. ಟೈಪ್ ಮಾಡಿದ್ದನ್ನು ಕಳಿಸುವ ಮೊದಲು ಜಿಎಸ್‌ಟಿ ಪೋರ್ಟಲಿನ Search Taxpayer ಪುಟದಲ್ಲಿ ಹಾಕಿ ನೋಡಿ. ಲಾಗಿನ್ ಬೇಡ, ಸಂಸ್ಥೆಯ ಕಾನೂನುಬದ್ಧ ಹೆಸರು, ವ್ಯವಹಾರದ ಹೆಸರು ಮತ್ತು ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ.

ಇನ್‌ಪುಟ್ ಪಡೆದಿಲ್ಲ ಎಂಬ ಸಾಲು ಮಾರಿದವರಿಗೆ ಎಲ್ಲಕ್ಕಿಂತ ಮುಖ್ಯ. ಕ್ರೆಡಿಟ್ ನೋಟ್ ಹೊರಡಿಸಿ ಅವರು ತಮ್ಮ ತೆರಿಗೆಯನ್ನು 72,000ದಷ್ಟು ಕಡಿಮೆ ತೋರಿಸುತ್ತಾರೆ. ಅದೇ ಹೊತ್ತಿಗೆ ಹಳೆಯ ನಂಬರಿನವರು ಆ ಬಿಲ್ಲಿನ ಇನ್‌ಪುಟ್ ಬಳಸಿಕೊಂಡು ಹಿಂತಿರುಗಿಸದೆ ಇದ್ದರೆ, ಮಾರಿದವರಿಗೆ ಆ ಕಡಿತ ಸಿಗುವುದಿಲ್ಲ. ಹೊಸ ಬಿಲ್ಲಿಗೂ ತೆರಿಗೆ ಕಟ್ಟಿರುವುದರಿಂದ ಒಂದೇ ಯಂತ್ರಕ್ಕೆ ಎರಡು ಸಲ ಕಟ್ಟಿದಂತಾಗುತ್ತದೆ. ಕೇಳುವ ಮೊದಲೇ ಈ ಭರವಸೆಯನ್ನು ಲಿಖಿತವಾಗಿ ಕೊಟ್ಟರೆ ಅವರ ಆಡಿಟರ ಮೊದಲ ಆಕ್ಷೇಪಣೆ ಅಲ್ಲೇ ತೀರುತ್ತದೆ.

ತಪ್ಪು ಯಾರದೆಂದು ಮೇಲ್‌ನಲ್ಲಿ ವಾದ ಮಾಡುವುದು ಬೇಡ, ಆದರೆ ನಡೆದದ್ದನ್ನು ಮುಚ್ಚಲೂ ಬೇಡ. ಖರೀದಿ ಆದೇಶವೇ ಹಳೆಯ ಲೆಟರ್‌ಹೆಡ್ಡಿನಲ್ಲಿ ಹಳೆಯ ನಂಬರಿನೊಂದಿಗೆ ಹೋಗಿದ್ದರೆ ಹಾಗೆಂದೇ ಬರೆಯಿರಿ, ತಿದ್ದಿದ ಖರೀದಿ ಆದೇಶವನ್ನು ಈಗಿನ ದಿನಾಂಕ ಹಾಕಿ ಲಗತ್ತಿಸಿ. ಹಿಂದಿನ ದಿನಾಂಕ ಹಾಕಿದ ಆದೇಶ ಮುಂದೆ ತಪಾಸಣೆಯಲ್ಲಿ ಇಬ್ಬರಿಗೂ ಮುಳುವಾಗುತ್ತದೆ.

ಹಣ ತಡೆಹಿಡಿಯುವ ವಿಷಯದಲ್ಲೂ ಅಳತೆ ಬೇಕು. ಪೂರ್ತಿ ಬಾಕಿ ನಿಲ್ಲಿಸಿದರೆ ಮಾರಿದವರು ಅದನ್ನು ಬಾಕಿ ತಪ್ಪಿಸುವ ನೆಪವೆಂದು ತಿಳಿಯುತ್ತಾರೆ, ಆಮೇಲೆ ಮಾತು ಬಿಲ್ಲಿನಿಂದ ಜಾರಿ ಹಣಕ್ಕೆ ಹೋಗುತ್ತದೆ. ತೆರಿಗೆಯಷ್ಟನ್ನೇ ತಡೆದು, ಅದನ್ನು ಮೊದಲ ಮೇಲ್‌ನಲ್ಲೇ ಹೇಳಿದರೆ ಸಂಬಂಧವೂ ಕೆಡುವುದಿಲ್ಲ, ಕೆಲಸವೂ ನೆನಪಿನಲ್ಲಿರುತ್ತದೆ.

ಉತ್ತರ ಬಂದ ಮೇಲೆ

ಎರಡೇ ಗಂಟೆಯಲ್ಲಿ "ಸರಿಪಡಿಸಿದ್ದೇವೆ, ನೋಡಿ" ಎಂದು ಪಿಡಿಎಫ್ ಬರಬಹುದು. ಅದೇ ಬಿಲ್ ಸಂಖ್ಯೆ, ಅದೇ ದಿನಾಂಕ, ನಂಬರ್ ಮಾತ್ರ ಹೊಸದು. ಇ-ಇನ್‌ವಾಯ್ಸ್ ಆದರೆ ಇದನ್ನು ಒಪ್ಪಬೇಡಿ. ಟ್ಯಾಲಿಯಲ್ಲಿ ಪಾರ್ಟಿಯ ನಂಬರ್ ತಿದ್ದಿ ಮತ್ತೆ ಪ್ರಿಂಟ್ ಹೊಡೆದಿದ್ದಾರೆ ಅಷ್ಟೇ, ಪೋರ್ಟಲಿನಲ್ಲಿ ಏನೂ ಬದಲಾಗಿಲ್ಲ.

ಐಆರ್‌ಎನ್ ನೋಡಿ ಇದನ್ನು ಪತ್ತೆ ಹಚ್ಚಲು ಆಗುವುದಿಲ್ಲ. ಅದು ಮಾರಿದವರ ನಂಬರ್, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ಬಿಲ್ ಸಂಖ್ಯೆ, ಈ ನಾಲ್ಕರಿಂದ ಲೆಕ್ಕ ಹಾಕಿ ಬರುವಂಥದ್ದು. ಕೊಂಡವರ ನಂಬರ್ ಅದರಲ್ಲಿ ಸೇರುವುದಿಲ್ಲ. ಪತ್ತೆಯಾಗುವುದು ಕ್ಯೂಆರ್‌ನಲ್ಲಿ. ಮೊಬೈಲಿನ ಸಾಮಾನ್ಯ ಕ್ಯಾಮೆರಾದಿಂದ ಓದಿದರೆ ಅರ್ಥವಾಗದ ಅಕ್ಷರಗಳ ಉದ್ದನೆಯ ಸರ ಬರುತ್ತದೆ, ಏಕೆಂದರೆ ಅದು ಪೋರ್ಟಲ್ ಡಿಜಿಟಲ್ ಸಹಿ ಹಾಕಿದ ಮಾಹಿತಿ. ಇ-ಇನ್‌ವಾಯ್ಸ್ ಪೋರ್ಟಲಿನವರೇ ಕೊಡುವ ಕ್ಯೂಆರ್ ಪರಿಶೀಲನೆಯ ಆ್ಯಪಿನಿಂದ ಓದಬೇಕು. ಆಗ ಒಳಗಿರುವುದು ಹೀಗೆ ಬಿಡಿಸಿಕೊಳ್ಳುತ್ತದೆ:

```
"BuyerGstin": "29XXXPX0000X1ZX"
"DocNo": "PM/25-26/0417"
"DocDt": "08/01/2026"
"TotInvVal": 472000
```

ಕಾಗದದ ಮೇಲೆ F, ಕ್ಯೂಆರ್ ಒಳಗೆ P. ಇದರ ತೆರೆಚಿತ್ರವನ್ನು ಅದೇ ಮೇಲ್‌ಗೆ ಉತ್ತರವಾಗಿ ಕಳಿಸಿ, "ಪೋರ್ಟಲಿನ ದಾಖಲೆಯಲ್ಲಿ ಇನ್ನೂ ಹಳೆಯ ನಂಬರೇ ಇದೆ, ಹೊಸ ಸಂಖ್ಯೆಯ ಬಿಲ್ ಮತ್ತು ಕ್ರೆಡಿಟ್ ನೋಟ್ ಬೇಕು" ಎಂದು ಒಂದು ಸಾಲು ಬರೆದರೆ ಸಾಕು. ಹೊಸ ಮೇಲ್ ಶುರು ಮಾಡಬೇಡಿ. ಎಲ್ಲವೂ ಒಂದೇ ಸರಣಿಯಲ್ಲಿದ್ದರೆ ಮುಂದೆ ಯಾರಾದರೂ ಕೇಳಿದಾಗ ತೋರಿಸಲು ಸುಲಭ.

ಹೊಸ ಬಿಲ್ ನಿಜವಾಗಿಯೂ ಬಂದಾಗ ಅದರ ಕ್ಯೂಆರ್ ಓದಿ, ಕ್ರೆಡಿಟ್ ನೋಟಿನದನ್ನೂ ಓದಿ. ಹೊಸ ಬಿಲ್ಲಿನಲ್ಲಿ ಸಂಸ್ಥೆಯ ನಂಬರ್, ಕ್ರೆಡಿಟ್ ನೋಟಿನಲ್ಲಿ ಅಣ್ಣನ ನಂಬರ್ ಇರಬೇಕು. ಅವಸರದಲ್ಲಿ ಪಾರ್ಟಿಯ ನಂಬರನ್ನು ಮೊದಲು ತಿದ್ದಿ ಆಮೇಲೆ ಕ್ರೆಡಿಟ್ ನೋಟ್ ಮಾಡಿದರೆ ಅದೂ ಹೊಸ ನಂಬರಿಗೇ ಬೀಳುತ್ತದೆ. ಆಗ ಸಂಸ್ಥೆಯ ಪಟ್ಟಿಯಲ್ಲಿ 72,000 ಕೂಡಿ 72,000 ಕಳೆದು ಸೊನ್ನೆ ಉಳಿಯುತ್ತದೆ, ಅಣ್ಣನ ಪಟ್ಟಿಯಲ್ಲಿ ಬೇಡದ ಇನ್‌ಪುಟ್ ಹಾಗೇ ಕೂರುತ್ತದೆ. ಹಳೆಯ ಪಾರ್ಟಿಯನ್ನು ತಿದ್ದದೆ ಹೊಸ ಪಾರ್ಟಿ ತೆರೆಯಿರಿ ಎಂದು ಮೇಲ್‌ನಲ್ಲಿ ಬರೆದದ್ದು ಇದೇ ಕಾರಣಕ್ಕೆ.

ಇದಾದ ಮೇಲೆ ಪೋರ್ಟಲ್ ನೋಡುವ ಸರದಿ ನಿಮ್ಮದು. 2024ರ ಅಕ್ಟೋಬರಿನಿಂದ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬ ಪುಟವಿದೆ. ಮಾರಿದವರು ತಮ್ಮ ಜಿಎಸ್‌ಟಿಆರ್-1ರಲ್ಲಿ ಬಿಲ್ಲನ್ನು ಸೇವ್ ಮಾಡಿದಾಗಲೇ ಅದು ಕೊಂಡವರಿಗೆ ಅಲ್ಲಿ ಕಾಣುತ್ತದೆ, ಸಲ್ಲಿಸುವವರೆಗೆ ಕಾಯಬೇಕಿಲ್ಲ. ಫೆಬ್ರವರಿ ಮೊದಲ ವಾರದಿಂದ ಅಲ್ಲಿ ಕಣ್ಣಿಡಿ. ಹಳೆಯ ನಂಬರಿನ ಲಾಗಿನ್ನಿನಲ್ಲಿ ಮೂಲ ಬಿಲ್ಲೂ ಕ್ರೆಡಿಟ್ ನೋಟೂ ಬರುತ್ತವೆ. "ಇದು ನಮ್ಮದಲ್ಲ" ಎಂದು ಕ್ರೆಡಿಟ್ ನೋಟನ್ನು ತಿರಸ್ಕರಿಸಿಬಿಟ್ಟರೆ ಆ ತೆರಿಗೆ ಮಾರಿದವರ ತಲೆಯ ಮೇಲೆ ಮತ್ತೆ ಬೀಳುತ್ತದೆ. ಮೇಲ್‌ನಲ್ಲಿ ಮಾತು ಕೊಟ್ಟಂತೆ ಅದನ್ನು ಒಪ್ಪಿಕೊಳ್ಳಿ. ಫೆಬ್ರವರಿ 14ರಂದು ಸಂಸ್ಥೆಯ ಜಿಎಸ್‌ಟಿಆರ್-2ಬಿ ಸಿದ್ಧವಾಗುತ್ತದೆ. ಅದರಲ್ಲಿ ಹೊಸ ಬಿಲ್ ಇದ್ದರೆ 20ರೊಳಗೆ ತೆರಿಗೆ ಕಟ್ಟಿ ಸಲ್ಲಿಸುವ ಜಿಎಸ್‌ಟಿಆರ್-3ಬಿ ಲೆಕ್ಕದಲ್ಲಿ 72,000 ಪಡೆಯಬಹುದು. ಅಂದೇ ತಡೆಹಿಡಿದ ಹಣವನ್ನೂ ಕಳಿಸಿಬಿಡಿ, ಈಗಾಗಲೇ ಕಳಿಸಿರದಿದ್ದರೆ.

ಕ್ಯೂಆರ್ ಇಲ್ಲದ ಬಿಲ್ ಆದರೆ

ಮಂಡ್ಯ, ಮೈಸೂರಿನ ಹಾರ್ಡ್‌ವೇರ್, ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಅನೇಕರು 5 ಕೋಟಿಯ ಒಳಗಿನವರು. ಅವರ ಬಿಲ್ಲಿಗೆ ಐಆರ್‌ಎನ್ ಇಲ್ಲ, ಹಾಗಾಗಿ ಕೆಲಸ ಹಗುರ. ಜಿಎಸ್‌ಟಿಆರ್-1 ಸಲ್ಲಿಸುವ ಮೊದಲು ಹೇಳಿದರೆ ಅದೇ ಸಂಖ್ಯೆಯಲ್ಲಿ ನಂಬರ್ ಸರಿಪಡಿಸಿ, ಹಳೆಯ ಪ್ರತಿ ವಾಪಸ್ ಪಡೆದು ಕೊಡಬಹುದು. ಇವರಲ್ಲಿ ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುವವರೂ ಇದ್ದಾರೆ, ಅವರ ಕೊನೆಯ ದಿನ ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 13. ಮೇಲ್‌ನಲ್ಲಿ ದಿನಾಂಕ ಬರೆಯುವ ಮೊದಲು ಅವರು ಯಾವ ಬಗೆಯವರು ಎಂದು ಕೇಳಿಕೊಳ್ಳಿ. ಇಲ್ಲಿ ಹೆಚ್ಚು ಕಾಣುವ ತಪ್ಪು ಬೇರೆಯವರ ನಂಬರ್ ಅಲ್ಲ, ನಂಬರೇ ಇಲ್ಲದ ಬಿಲ್. ನಂಬರಿಲ್ಲದ ಬಿಲ್ಲುಗಳು ಜಿಎಸ್‌ಟಿಆರ್-1ರಲ್ಲಿ ಸಾಮಾನ್ಯವಾಗಿ ಚಿಲ್ಲರೆ ಮಾರಾಟದ ಒಟ್ಟು ಮೊತ್ತದಲ್ಲಿ ಕರಗಿಹೋಗುತ್ತವೆ. ಸಲ್ಲಿಸಿದ ಮೇಲೆ ಅದನ್ನು ಬಿಡಿಸಿ ತೆಗೆಯುವುದು ಅಂಗಡಿಯವರಿಗೆ ಕಿರಿಕಿರಿಯ ಕೆಲಸ, ಆದ್ದರಿಂದ ಅದೇ ವಾರದಲ್ಲಿ ಹೇಳಬೇಕು.

ಸಲ್ಲಿಸಿಯಾಗಿದ್ದರೆ ಅಂಗಡಿಯವರು "ಜಿಎಸ್‌ಟಿಆರ್-1ಎ ಬಂದಿದೆಯಲ್ಲ, ಈ ತಿಂಗಳೇ ಅದರಲ್ಲಿ ಸರಿ ಮಾಡುತ್ತೇವೆ" ಎನ್ನಬಹುದು. 2024ರಿಂದ ಆ ಅರ್ಜಿ ಇರುವುದು ನಿಜ, ಅದೇ ತಿಂಗಳ ಲೆಕ್ಕವನ್ನು ತಿದ್ದಲು ಅದು ನೆರವಾಗುವುದೂ ನಿಜ. ಆದರೆ ಕೊಂಡವರ ಜಿಎಸ್‌ಟಿ ನಂಬರನ್ನು ಮಾತ್ರ ಅದರಲ್ಲಿ ಬದಲಾಯಿಸಲು ಬರುವುದಿಲ್ಲ. ಅದಕ್ಕೆ ಮುಂದಿನ ಅವಧಿಯ ಜಿಎಸ್‌ಟಿಆರ್-1ರ 9ಎ ಕೋಷ್ಟಕವೇ ಗತಿ. ಅಂದರೆ ನಿಮ್ಮ ಇನ್‌ಪುಟ್ ಕನಿಷ್ಠ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ, ಆ ತಿಂಗಳ ಹಣದ ಲೆಕ್ಕವನ್ನು ಹಾಗೇ ಹಾಕಿಕೊಳ್ಳಬೇಕು.

ತಪ್ಪಾಗಿ ಬಿದ್ದ ನಂಬರ್ ಪರಿಚಯವೇ ಇಲ್ಲದವರದಾಗಿದ್ದರೆ ಇನ್‌ಪುಟ್ ಪಡೆದಿಲ್ಲವೆಂಬ ಪತ್ರವನ್ನು ನೀವು ಕೊಡಲಾಗದು. ಆ ಪ್ಯಾರಾವನ್ನು ತೆಗೆದು, "ಈ ನಂಬರ್ ನಮಗೆ ಸಂಬಂಧಿಸಿದ್ದಲ್ಲ, ಆ ನಂಬರಿನವರೊಂದಿಗೆ ನೀವೇ ಮಾತನಾಡಿ ಸರಿಪಡಿಸಬೇಕು" ಎಂದು ಬರೆಯಿರಿ. ನೀವಾಗಿ ಆ ಅಪರಿಚಿತರಿಗೆ ಫೋನ್ ಮಾಡುವ ಅಗತ್ಯವಿಲ್ಲ, ಅವರೊಂದಿಗೆ ವ್ಯವಹಾರವಿರುವುದು ಮಾರಿದವರಿಗೆ.

ಮಾರಿದವರು ಉತ್ತರವನ್ನೇ ಕೊಡದಿದ್ದರೆ ಕೊನೆಯ ಗಡಿ ಒಂದಿದೆ. 2025-26ರ ಬಿಲ್ಲಿನ ತಿದ್ದುಪಡಿಗೂ ಅದರ ಇನ್‌ಪುಟ್ ಪಡೆಯುವುದಕ್ಕೂ 2026ರ ನವೆಂಬರ್ 30ರವರೆಗೆ ಸಮಯ, ವಾರ್ಷಿಕ ಲೆಕ್ಕವನ್ನು ಅದಕ್ಕಿಂತ ಮೊದಲೇ ಸಲ್ಲಿಸಿದರೆ ಆ ದಿನದವರೆಗೆ ಮಾತ್ರ. ಆದ್ದರಿಂದ ಎರಡನೆಯ ಮೇಲ್‌ನಲ್ಲಿ ಒಂದು ಪ್ರಶ್ನೆ ಇರಲೇಬೇಕು: "2025-26ರ ವಾರ್ಷಿಕ ಲೆಕ್ಕವನ್ನು ನೀವು ಯಾವಾಗ ಸಲ್ಲಿಸುತ್ತೀರಿ? ಅದಕ್ಕೂ ಮೊದಲು ಬಿಲ್ PM/25-26/0417 ಸರಿಯಾಗಬೇಕು."